ಬಲಗಡೆಯ ಒಲೆ

ಹತ್ತೂವರೆಗೆ ಫೋನು ಬಂದಾಗ ಖುಷ್ಬು ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ಒದ್ದೆ ಕೈಯಲ್ಲೇ ಫೋನು ಎತ್ತಿದಳು. ಆ ಕಡೆಯಿಂದ ಮಾತಾಡಿದವನು ಪಂಪಾಪತಿ, ಕನಕಗಿರಿ ರಸ್ತೆಯಲ್ಲಿರುವ ರೈಸ್ ಮಿಲ್ಲಿನ ಗುಮಾಸ್ತ. ಎರಡು ತಿಂಗಳ ಹಿಂದೆ ಖುಷ್ಬು ಅವನ ಹತ್ತಿರ ಹೋಗಿ, ನಿಮ್ಮ ಹಮಾಲರ ಮಧ್ಯಾಹ್ನದ ಊಟ ನನಗೆ ಕೊಡ್ರಿ, ಮನೆಯಲ್ಲೇ ಮಾಡಿ ಕಳಿಸುತ್ತೇನೆ ಎಂದು ಕೇಳಿ ಬಂದಿದ್ದಳು. ಅವನು ಆಗ ಹೂಂ ಅಂದಿರಲಿಲ್ಲ, ಊಹೂಂ ಅಂತಲೂ ಅಂದಿರಲಿಲ್ಲ. ಗಂಗಾವತಿಯ ಗುಮಾಸ್ತರು ಹೂಂ ಅನ್ನುವುದಕ್ಕೂ ಹಂಗಾಮು ನೋಡುತ್ತಾರೆ.

"ತಂಗಿ, ದಿನಾ ಊಟ ಕೊಡೋನು ಇವತ್ತು ಮದುವಿಗೆ ಹೋಗ್ಯಾನ. ಹದಿನೈದು ಮಂದಿ ಅದಾರ. ಹನ್ನೆರಡೂವರಿಗೆ ಸೈರನ್ ಆಗತೈತಿ, ಆ ಹೊತ್ತಿಗೆ ಊಟ ಇಲ್ಲಿ ಇರಬೇಕು. ಆಗತೈತೇನು?"

"ಆಗತೈತ್ರಿ," ಅಂದಳು ಖುಷ್ಬು. ಆಗುತ್ತದೋ ಇಲ್ಲವೋ ಯೋಚಿಸುವ ಮೊದಲೇ ನಾಲಿಗೆ ಅಂದುಬಿಟ್ಟಿತ್ತು.

"ರುಚಿ ಆಮ್ಯಾಲೆ ನೋಡೋಣ. ಮೊದಲು ಟೈಮ್. ಟೈಮಿಗೆ ಬಂದ್ರ ನಾಳಿಂದ ದಿನಾ ನಿಮ್ಮದ."

ಫೋನು ಇಟ್ಟವಳು ಹಿಂಡಿದ ಬಟ್ಟೆಯನ್ನೇ ಮತ್ತೆ ನೀರಿಗೆ ಹಾಕಿ, ಅಯ್ಯೋ ಎಂದು ತೆಗೆದು, ಒಳಗೆ ಓಡಿದಳು. ಒಳಗೆ ಅತ್ತೆ ಫಾತಿಮಾಬೀ ತಸಬಿ ಮಣಿ ಎಣಿಸುತ್ತ ಕೂತಿದ್ದಳು. ಆ ಮನೆಯಲ್ಲಿ ಅಡುಗೆ ಎಂದರೆ ಫಾತಿಮಾಬೀ. ಎಷ್ಟು ಅಕ್ಕಿ ಹಾಕಬೇಕು, ಬೇಯಿಸಲು ಯಾವ ಪಾತೇಲಿ ಇಡಬೇಕು, ಉಪ್ಪು ಯಾವಾಗ ಬೀಳಬೇಕು, ಎಲ್ಲ ಆಕೆಯ ಬಾಯಿಂದಲೇ ಬರಬೇಕು. ಸೊಸೆಯ ಕೈ ಕೆಲಸ ಮಾಡುತ್ತದೆ, ಅತ್ತೆಯ ಬಾಯಿ ಅಡುಗೆ ಮಾಡುತ್ತದೆ, ಹೀಗೆ ಆರು ವರ್ಷ ನಡೆದಿತ್ತು.

ಫಾತಿಮಾಬೀ ಪೂರ್ತಿ ಕೇಳಿದಳು. ತಸಬಿಯನ್ನು ಪಕ್ಕಕ್ಕೆ ಇಟ್ಟಳು.

"ನೋಡು ಖುಷ್ಬು, ಹಮಾಲರು ನಸುಕಿನ್ಯಾಗ ಬಂದು ಚೀಲಾ ಹೊತ್ತಿರತಾರ. ಹೊಟ್ಟಿ ಹಸಕೊಂಡವರ ಮುಂದ ಊಟ ತಡಾ ಆದ್ರ ನಮ್ಮ ಮನಿ ಹೆಸರು ಹೋಗತೈತಿ. ನಿನ್ನ ಹಟ ಅಂತ ಇವತ್ತೊಂದ ಸಲ ಒಪ್ಪಿಕೊಳ್ಳತೀನಿ. ಟೈಮಿಗೆ ಹೋಗಲಿಲ್ಲ ಅಂದ್ರ ಈ ಮಾತು ನೀ ಮತ್ತ ತೆಗಿಬಾರದು. ಎಂದೂ."

"ಆತ್ರಿ ಅಮ್ಮೀ," ಅಂದಳು ಖುಷ್ಬು. ಮದುವೆಯಾಗಿ ಬಂದ ಎರಡನೇ ವರ್ಷದಿಂದ ಆಕೆಗೆ ಈ ಒಂದೇ ಹುಚ್ಚು, ತನ್ನ ಕೈಯ ಊಟ ತನ್ನ ಹೆಸರಿನಲ್ಲಿ ಹೊರಗೆ ಹೋಗಬೇಕು. ಇವತ್ತು ಹೋಯಿತು ಅಂದರೆ ಬಾಳಿಡೀ ಹೋಯಿತು, ಇಲ್ಲ ಅಂದರೆ ಬಾಳಿಡೀ ಇಲ್ಲ. ಎರಡು ತಾಸಿನಲ್ಲಿ ತೀರ್ಮಾನ.

ಏನು ಮಾಡುವುದು ಎಂಬುದಕ್ಕೆ ಚರ್ಚೆ ಬೇಕಾಗಲಿಲ್ಲ. ಖಿಚಡಿ, ಹುಣಸೆಹುಳಿಯ ಖಟ್ಟಾ, ತಲೆಗೊಂದು ಬೇಯಿಸಿದ ಕೋಳಿತತ್ತಿ. ಮೂರು ಕಿಲೋ ಸೋನಾ ಮಸೂರಿ, ಅರ್ಧ ಕಿಲೋ ಮಸೂರ ಬೇಳೆ ತೊಳೆದು ನೆನೆಹಾಕಿದ್ದಾಯಿತು. ಹುಣಸೆಹಣ್ಣು ನೆನೆಯಿತು. ಗಂಡ ಜಾವೇದನಿಗೆ ಫೋನು ಹೋಯಿತು. ಅವನದು ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿ. ಹನ್ನೆರಡೂ ಹತ್ತಕ್ಕೆ ಬೈಕಿನೊಂದಿಗೆ ಬಾಗಿಲಲ್ಲಿ ನಿಂತಿರಬೇಕು, ಬರುವಾಗ ತತ್ತಿ ತರಬೇಕು, ಅಲ್ಲಲ್ಲ, ತತ್ತಿ ಮಾತ್ರ ಈಗಲೇ ಕಳಿಸಬೇಕು. ಜಾವೇದನಿಗೆ ಅರ್ಧ ಅರ್ಥವಾಯಿತು, ಆದರೂ ತತ್ತಿ ಹತ್ತು ನಿಮಿಷದಲ್ಲಿ ಆಟೋದಲ್ಲಿ ಬಂದವು.

ಇನ್ನು ಗ್ಯಾಸು. ಹೊಸ ಸಿಲಿಂಡರ್ ನಾಳೆ ಬರುತ್ತದೆ ಎಂದು ಫೋನಿಗೆ ಮೆಸೇಜು ಬಂದಿತ್ತು. ಈಗ ಹಚ್ಚಿರುವುದರಲ್ಲಿ ಎಷ್ಟು ಉಳಿದಿದೆ? ಖುಷ್ಬು ಒದ್ದೆ ಬಟ್ಟೆ ತಂದು ಸಿಲಿಂಡರಿನ ಮೈಯನ್ನು ಮೇಲಿಂದ ಕೆಳಗೆ ಒರೆಸಿದಳು. ಖಾಲಿಯಿರುವ ಕಡೆ ಒದ್ದೆ ಬೇಗ ಆರುತ್ತದೆ, ಒಳಗೆ ಗ್ಯಾಸಿನ ದ್ರವ ಇರುವ ಕಡೆ ತಂಪಿಗೆ ಆರದೆ ನಿಲ್ಲುತ್ತದೆ. ಮೇಲಿಂದ ಆರುತ್ತ ಬಂತು, ನಡುವೆ ಆರಿತು, ಇನ್ನೂ ಕೆಳಗೆ ಆರಿತು. ಬುಡದ ಹತ್ತಿರ ಡೊಂಕು ತಿರುಗುವ ಜಾಗದಲ್ಲಿ ಮಾತ್ರ ಒಂದು ಸಣ್ಣ ಪಟ್ಟಿ ಒದ್ದೆ ಉಳಿಯಿತು.

"ಇಷ್ಟರಾಗ ಆಗಬೇಕ್ರಿ ಅಮ್ಮೀ."

"ಆಗತೈತಿ. ಬಿಸ್ಮಿಲ್ಲಾ ಅನ್ನು, ಬಲಗಡಿ ಒಲಿ ಹಚ್ಚು. ದೊಡ್ಡ ಪಾತೇಲಿ ಬಲಕ್ಕ."

ಇದು ಆ ಮನೆಯ ಕಾನೂನು. ದೊಡ್ಡ ಪಾತೇಲಿ ಯಾವಾಗಲೂ ಬಲಗಡೆ ಒಲೆಯ ಮೇಲೆ. ಚಹಾ, ಹಾಲು, ತತ್ತಿ, ಒಗ್ಗರಣೆ, ಇಂಥ ಪುಡಿ ಕೆಲಸವೆಲ್ಲ ಎಡಗಡೆ. ಯಾಕೆ ಎಂದು ಖುಷ್ಬು ಬಂದ ಹೊಸದರಲ್ಲಿ ಒಮ್ಮೆ ಕೇಳಿದ್ದಳು. ನಮ್ಮ ಅತ್ತಿ ಹಾಂಗ ಹೇಳ್ಯಾರ, ಅವರತ್ತಿ ಅವರಿಗೆ ಹೇಳ್ಯಾರ, ಬಲಗಡಿ ಬರಕತ್ ಐತಿ, ಮನಿ ತುಂಬತೈತಿ ಎಂದು ಉತ್ತರ ಸಿಕ್ಕಿತ್ತು. ಮೂರು ತಲೆಮಾರಿನ ಅತ್ತೆಯರ ಎದುರು ಒಬ್ಬ ಸೊಸೆ ಏನು ಮಾತಾಡುತ್ತಾಳೆ? ಬಲಕ್ಕೆ ಅಂದರೆ ಬಲಕ್ಕೆ.

ದೊಡ್ಡ ಪಾತೇಲಿ ಬಲಗಡೆ ಕೂತಿತು. ಅದರ ಬುಡ ಒಲೆಯ ಅರ್ಧ ಜಾಗ ತಿಂದಿತು. ಎಣ್ಣೆ ಕಾಯಿತು, ಈರುಳ್ಳಿ ಬಾಡಿತು, ಶುಂಠಿ ಬೆಳ್ಳುಳ್ಳಿ ಘಮ ಎಂದಿತು, ಅರಿಶಿನ ಬಿತ್ತು. ಹನ್ನೊಂದೂ ಐದಕ್ಕೆ ಏಳು ಲೀಟರ್ ನೀರು ಸುರಿದು ಮುಚ್ಚಳ ಮುಚ್ಚಿದರು. ನೀರು ಮರಳಿದ ಮೇಲೆ ನೆನೆದ ಅಕ್ಕಿ ಬೇಳೆ ಒಳಗೆ. ಅಲ್ಲಿಂದ ಇಪ್ಪತ್ತು ನಿಮಿಷ ಬೇಯಬೇಕು, ಆಮೇಲೆ ಒಂದಿಷ್ಟು ಹೊತ್ತು ಮುಚ್ಚಿದ ಹಬೆಯಲ್ಲೇ, ದಮ್ಮಿನಲ್ಲಿ, ಕೂರಬೇಕು. ಎಡಗಡೆ ಒಲೆಯ ಮೇಲೆ ಸಣ್ಣ ಪಾತೇಲಿಯಲ್ಲಿ ಮೊದಲ ಸರತಿಯ ಎಂಟು ತತ್ತಿ.

"ಎರಡೂ ಜೋರು ಇಡು," ಅಂದಳು ಫಾತಿಮಾಬೀ. ಖುಷ್ಬು ಒಲೆಯ ಎರಡೂ ತಿರುಗಣಿ ಪೂರಾ ತಿರುವಿದಳು.

ಹನ್ನೊಂದೂ ಇಪ್ಪತ್ತಾಯಿತು. ದೊಡ್ಡ ಪಾತೇಲಿ ಸುಮ್ಮನೆ ಕೂತಿತ್ತು. ಫಾತಿಮಾಬೀ ಮುಚ್ಚಳ ತೆಗೆದು ನೋಡಿದಳು, ಮುಚ್ಚಿದಳು. ಎರಡು ನಿಮಿಷಕ್ಕೆ ಮತ್ತೆ ತೆಗೆದಳು.

"ಅಮ್ಮೀ, ಮುಚ್ಚಳ ತೆಗಿಬ್ಯಾಡ್ರಿ, ಹಬೆ ಎಲ್ಲಾ ಹೊರಗ ಹೋಗತೈತಿ."

"ಉರಿ ಜೋರ್ ಮಾಡು."

"ಪೂರಾ ಜೋರ್ ಐತ್ರಿ. ಇನ್ನೆಲ್ಲಿಂದ ಮಾಡ್ಲಿ?"

ಎಡಗಡೆ ಮಾತ್ರ ಭಾರಿ ಸಡಗರ. ಸಣ್ಣ ಪಾತೇಲಿಯ ಬುಡ ದಾಟಿ ಉರಿ ಸುತ್ತಲೂ ಮೇಲೆದ್ದು ಕಂಠದವರೆಗೆ ನೆಕ್ಕುತ್ತಿತ್ತು. ಅದನ್ನು ಇಳಿಸಲು ಹೋದ ಖುಷ್ಬುವಿನ ಕೈಯಲ್ಲಿದ್ದ ಬಟ್ಟೆಯ ಅಂಚು ಚುರ್ ಎಂದು ಹೊತ್ತಿತು. ಬಟ್ಟೆಯನ್ನು ನೆಲಕ್ಕೆ ಬಡಿದು ಆರಿಸಿದಳು. ಸುಟ್ಟ ವಾಸನೆ ಅಡುಗೆಮನೆ ತುಂಬಿತು. ಬೆವರು ಹಣೆಯಿಂದ ಇಳಿದು ಕಣ್ಣಿಗೆ ಹೋಯಿತು. ಇಷ್ಟು ಸೆಕೆ, ಇಷ್ಟು ಉರಿ, ಆದರೂ ಬೇಯಬೇಕಾದ್ದು ಬೇಯುತ್ತಿಲ್ಲವಲ್ಲ ಎಂದು ಆಕೆಗೆ ಮೈ ಉರಿದುಹೋಯಿತು.

ಹನ್ನೊಂದೂವರೆಗೆ ಮುಚ್ಚಳ ತೆಗೆದವಳು ಖುಷ್ಬುವೇ. ಅತ್ತೆಗೆ ಬುದ್ಧಿ ಹೇಳಿದವಳು ತಾನೇ ತೆಗೆದಳು, ತಾಳ್ಮೆ ಎಲ್ಲಿಂದ ಬರಬೇಕು. ಬಗ್ಗಿ ನೋಡಿದಳು. ನೀರಿನ ನಟ್ಟನಡುವೆ ಸಣ್ಣ ಸಣ್ಣ ಗುಳ್ಳೆ ಏಳುತ್ತಿದ್ದವು. ಒಂದು ಚಹಾದ ಬಸಿಯಷ್ಟು ಅಗಲ ಮಾತ್ರ. ಅದರಾಚೆ ಅಂಚಿನವರೆಗೂ ನೀರು ಕೆರೆಯ ನೀರಿನಂತೆ ಅಲುಗಾಡದೆ ನಿಂತಿತ್ತು. ಆಕೆ ಕೆಳಗೆ ಬಗ್ಗಿ ಪಾತೇಲಿಯ ಬುಡ ನೋಡಿದಳು. ಬುಡದ ನಡುವೆ ಬಸಿಯಷ್ಟೇ ಅಗಲದ ಉರಿ. ಉಳಿದ ಬುಡವೆಲ್ಲ ಗಾಳಿಗೆ.

ಆಗ ಆಕೆಗೆ ಒಂದೊಂದೇ ನೆನಪಾಗತೊಡಗಿತು. ಈ ದೊಡ್ಡ ಪಾತೇಲಿಯಲ್ಲಿ ಖೀರು ಮಾಡಿದಾಗಲೆಲ್ಲ ತಳ ಹಿಡಿಯುತ್ತಿತ್ತು. ಸುತ್ತಲೂ ಅಲ್ಲ, ನಡುವೆ ಮಾತ್ರ, ಗುಂಡಗೆ, ಬಸಿಯಷ್ಟು. ಕೈಯಾಡಿಸಲಿಲ್ಲ, ನಿನ್ನ ಲಕ್ಷ್ಯ ಎಲ್ಲಿತ್ತು ಎಂದು ಪ್ರತಿ ಸಲ ಬೈಸಿಕೊಂಡಿದ್ದಳು. ಹಬ್ಬದ ದಿನ ಬೈಸಿಕೊಂಡು ಹಿತ್ತಲಲ್ಲಿ ಕೂತು ಅತ್ತದ್ದೂ ಇತ್ತು. ಅದೇ ಅಳತೆಯ ಗುಂಡು ಈಗ ಕಣ್ಣ ಮುಂದೆ ನೀಲಿಯಾಗಿ ಉರಿಯುತ್ತಿತ್ತು. ತಪ್ಪು ಕೈಯದ್ದಲ್ಲ. ಆರು ವರ್ಷದಿಂದ ತಪ್ಪು ಕೈಯದ್ದಾಗಿರಲಿಲ್ಲ.

ಎಡಗಡೆಯ ಬರ್ನರ್ ನೋಡಿದಳು. ಅದು ಬಲಗಡೆಯದಕ್ಕಿಂತ ಹೆಚ್ಚುಕಮ್ಮಿ ಎರಡರಷ್ಟು ದೊಡ್ಡದು. ದಿನಾ ಒರೆಸುವ ಒಲೆ, ದಿನಾ ಕಂಡ ಬರ್ನರು. ಆದರೂ ಇವತ್ತಿನವರೆಗೆ ಕಂಡಿರಲಿಲ್ಲ.

"ಅಮ್ಮೀ," ಅಂದಳು. ಸಿಕ್ಕಿಬಿಟ್ಟಿತು ಎನ್ನುವ ಉಮೇದು ದನಿಯಲ್ಲಿತ್ತು. "ಎಡಗಡಿ ಒಲಿ ದೊಡ್ಡದೈತ್ರಿ. ದೊಡ್ಡ ಪಾತೇಲಿ ಅಲ್ಲಿ ಇಡೋಣ."

"ಎಡಕ್ಕ? ತಲಿ ಕೆಟ್ಟೈತೇನು?"

"ಇಲ್ಲಿ ಬಗ್ಗಿ ನೋಡ್ರಿ. ಸಣ್ಣ ಒಲಿ ಮ್ಯಾಲೆ ದೊಡ್ಡ ಪಾತೇಲಿ ಇಟ್ಟೇವಿ, ನಡುವ ಅಷ್ಟ ಕಾಯಾಕತೈತಿ. ದೊಡ್ಡ ಒಲಿ ಮ್ಯಾಲೆ ಸಣ್ಣದು ಇಟ್ಟೇವಿ, ಉರಿ ಎಲ್ಲಾ ಬಗಲಾಗ ಹಾದು ಮ್ಯಾಲಕ್ಕ ಹೋಗಾಕತೈತಿ. ಕೋಣಿ ಕಾಯಾಕತೈತಿ, ಊಟ ಕಾಯವಲ್ದು. ಇಲ್ಲಿ ಟೈಮ್ ಹೋತು, ಅಲ್ಲಿ ಗ್ಯಾಸ್ ಹೋತು."

"ಬಲಗಡಿ ಬರಕತ್ ಅಂತ ಹಿರೇರು ಹೇಳಿದ್ದು ಸುಳ್ಳಾ ಹಂಗಾದ್ರ?"

ಖುಷ್ಬು ಗಡಿಯಾರ ನೋಡಿದಳು. ಹನ್ನೊಂದೂ ಮೂವತ್ತೆರಡು. ಬೇರೆ ದಿನವಾಗಿದ್ದರೆ ಆಕೆ ಇಷ್ಟಕ್ಕೆ ಬಾಯಿ ಮುಚ್ಚುತ್ತಿದ್ದಳು. ಆದರೆ ಇವತ್ತು ಮುಚ್ಚಿದರೆ ಬಾಳಿಡೀ ಮುಚ್ಚಬೇಕಾಗಿತ್ತು.

"ಸುಳ್ಳು ಅನ್ನಾಕತ್ತಿಲ್ರಿ ಅಮ್ಮೀ. ಒಂದ ಮಾತು ಕೇಳತೀನಿ. ನಿಮ್ಮತ್ತಿಯವರ ನವಲಿ ಊರಿನ ಮನ್ಯಾಗ ಒಲಿ ಹೆಂಗಿತ್ತು?"

ಫಾತಿಮಾಬೀಗೆ ಸಿಟ್ಟು ಬಂದಿತ್ತು. ಆದರೆ ನವಲಿಯ ಹೆಸರು ಕೇಳಿದರೆ ಆಕೆ ಸಿಟ್ಟಿನಲ್ಲೂ ಉತ್ತರ ಕೊಡದೆ ಇರಲಾರಳು. "ಹೆಂಗಿತ್ತು ಅಂದ್ರ? ಮಣ್ಣಿನ ಒಲಿ. ನಮ್ಮತ್ತಿ ಕೈಯಾರೆ ಹಾಕಿದ್ದು. ಎರಡು ಬಾಯಿ ಇದ್ದವು. ಬಲಗಡಿ ದೊಡ್ಡ ಬಾಯಿ, ದೊಡ್ಡ ಕಟಗಿ ಅದರಾಗ ಇಡತಿದ್ವಿ, ಅನ್ನದ ಪಾತೇಲಿ ಅದರ ಮ್ಯಾಲೆ. ಎಡಗಡಿ ಸಣ್ಣದು, ದೊಡ್ಡ ಬಾಯಾಗಿನ ಉರಿ ಒಂದೀಟು ಆ ಕಡೆ ಹೋಗತಿತ್ತು, ಹಾಲು ಬೆಚ್ಚಗ ಇಡಾಕ..."

ಫಾತಿಮಾಬೀ ಒಲೆ ನೋಡಿದಳು. ಬಲಗಡೆ ನೋಡಿದಳು, ಎಡಗಡೆ ನೋಡಿದಳು. ನವಲಿ ಬಿಟ್ಟು ಗಂಗಾವತಿಗೆ ಬಂದು, ಗಂಡ ರಾಜಾಸಾಬ ಈ ಗ್ಯಾಸಿನ ಒಲೆ ತಂದು ಕಟ್ಟೆಯ ಮೇಲಿಟ್ಟ ದಿನದಿಂದ ಆಕೆ ಅತ್ತೆಯ ಮಾತು ತಪ್ಪದೆ ಬಂದಿದ್ದಳು. ಅತ್ತೆ ಹೇಳಿದ್ದು ಬಲಕ್ಕೆ ಎಂದು. ಅತ್ತೆಯ ಬಲಗಡೆ ದೊಡ್ಡ ಉರಿಯಿತ್ತು. ಈ ಒಲೆಯ ದೊಡ್ಡ ಉರಿ ಎಡಕ್ಕಿತ್ತು. ಮಾತು ಮಾತ್ರ ಮನೆ ಬದಲಾಯಿಸಿ ಬಂದಿತ್ತು, ಉರಿ ಬಂದಿರಲಿಲ್ಲ. ಆಕೆಯ ಮುಖದ ಮೇಲೆ ಸಿಟ್ಟು ಇಳಿದು, ನಾಚಿಕೆ ಬಂದು, ಆಮೇಲೆ ಅದೂ ಹೋಗಿ, ಅಡುಗೆಯವಳ ಮುಖ ಬಂದಿತು.

"ಎರಡೂ ಒಲಿ ಆರಿಸು," ಅಂದಳು. ಖುಷ್ಬು ಆರಿಸುವಷ್ಟರಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡು ಬಟ್ಟೆ ತಂದು ಒಂದನ್ನು ಸೊಸೆಗೆ ಎಸೆದಳು. "ಆ ಕಿವಿ ನೀ ಹಿಡಿ. ಬಿಸ್ಮಿಲ್ಲಾ." ಅತ್ತೆ ಸೊಸೆ ಇಬ್ಬರೂ ಸೇರಿ ದೊಡ್ಡ ಪಾತೇಲಿಯನ್ನು ಎತ್ತಿ ಎಡಗಡೆ ಇಟ್ಟರು. ಎರಡನೇ ಸರತಿಯ ಏಳು ತತ್ತಿಯ ಸಣ್ಣ ಪಾತೇಲಿ ಬಲಗಡೆ ಹೋಯಿತು.

ಖುಷ್ಬು ಎಡಗಡೆ ಒಲೆ ಹಚ್ಚಿ ತಿರುಗಣಿ ತಿರುವಿದಳು. ಉರಿ ಭುಸ್ ಎಂದು ಅಗಲವಾಗಿ ಬಿಚ್ಚಿಕೊಂಡು ಬುಡದ ತುಂಬ ಹರಡಿತು. ಬಗ್ಗಿ ನೋಡಿದಳು. ಉರಿಯ ತುದಿ ಬುಡದ ಅಂಚಿನೊಳಗೇ ನಿಂತಿತ್ತು, ಒಂದು ನಾಲಿಗೆಯೂ ಹೊರಗೆ ಚಾಚಿರಲಿಲ್ಲ. ಬಲಗಡೆಯದಕ್ಕೂ ಹಾಗೇ ಬಗ್ಗಿ, ಬುಡ ದಾಟದಷ್ಟು ಇಳಿಸಿದಳು. ಉರಿ ಚಿಕ್ಕದಾಗಿ ಕಂಡಿತು. ಆದರೆ ತತ್ತಿಯ ನೀರು ಮೊದಲಿನಷ್ಟೇ ಹೊತ್ತಿಗೆ ಕುದಿಯಿತು. ಅಂದರೆ ಇಷ್ಟು ದಿನ ಪಕ್ಕದಿಂದ ಮೇಲೇರಿ ಕುಣಿಯುತ್ತಿದ್ದ ಉರಿಯೆಲ್ಲ ಬರೀ ದಂಡ.

"ಮುಚ್ಚಳ ಮುಟ್ಟಬ್ಯಾಡ," ಅಂದಳು ಫಾತಿಮಾಬೀ, ತನ್ನ ಕೈಯನ್ನೇ ತಾನು ಹಿಡಿದುಕೊಂಡು.

ಹನ್ನೊಂದೂ ಮುಕ್ಕಾಲಿಗೆ ಮುಚ್ಚಳ ಕಟಕಟ ಎಂದಿತು. ಖುಷ್ಬು ತೆಗೆದರೆ ನೀರು ಅಂಚಿನಿಂದ ಅಂಚಿಗೆ ಒಂದೇ ಸಮ ಮರಳುತ್ತಿತ್ತು. ನಡು ಇಲ್ಲ, ಅಂಚು ಇಲ್ಲ, ಎಲ್ಲ ಕಡೆ ಗುಳ್ಳೆ. ಆಕೆಗೆ ಚಪ್ಪಾಳೆ ತಟ್ಟಬೇಕು ಅನ್ನಿಸಿತು. ಕೈಯಲ್ಲಿ ಅಕ್ಕಿಯ ಬುಟ್ಟಿ ಇದ್ದದ್ದಕ್ಕೆ ತಟ್ಟಲಿಲ್ಲ. ಅಕ್ಕಿ ಬೇಳೆ ಸುರಿದಳು, ಉಪ್ಪು ಹಾಕಿದಳು, ಎಷ್ಟು ಉಪ್ಪು ಎಂದು ಅತ್ತೆ ಹೇಳುವುದನ್ನು ಕಾಯಲೇ ಇಲ್ಲ. ಅತ್ತೆಯೂ ಹೇಳಲಿಲ್ಲ.

ಮತ್ತೆ ಕುದಿ ಬಂದ ಮೇಲೆ ಖುಷ್ಬು ಉರಿ ಇಳಿಸಿದಳು. ಫಾತಿಮಾಬೀ ಗಡಬಡಿಸಿದಳು. "ಯಾಕ ಇಳಿಸಿದಿ? ಟೈಮ್ ಇಲ್ಲ."

"ಕುದಿ ಬಂದ ನೀರಿಗೆ ಎಷ್ಟ ಉರಿ ಕೊಟ್ರೂ ಅದು ಮತ್ತೀಟು ಬಿಸಿ ಆಗೂದಿಲ್ರಿ ಅಮ್ಮೀ. ಉಗಿ ಆಗಿ ಹೋಗತೈತಿ ಅಷ್ಟ. ತಳಾ ಹತ್ತತೈತಿ. ಕುದಿ ನಿಲ್ಲದಷ್ಟು ಉರಿ ಇದ್ರ ಸಾಕು."

"ಎಲ್ಲಿ ಕಲ್ತಿ ಇದನ್ನ?"

"ತಳಾ ಹತ್ತಿಸಿ ಬೈಸಿಕೊಂಡು ಕಲ್ತೀನ್ರಿ."

ಫಾತಿಮಾಬೀ ಕೂತು ತತ್ತಿ ಸುಲಿಯತೊಡಗಿದಳು. ಹದಿನೈದು ತತ್ತಿಯಲ್ಲಿ ಒಂದನ್ನೂ ಗಾಯ ಮಾಡಲಿಲ್ಲ. ತತ್ತಿ ಇಳಿದ ಬಲಗಡೆ ಒಲೆಯ ಮೇಲೆ ಖುಷ್ಬು ಸಣ್ಣ ಬಾಣಲೆಯಲ್ಲಿ ಎಳ್ಳು ಹುರಿದಳು, ಅರೆದು ಹುಣಸೆ ನೀರಿಗೆ ಕಲಸಿದಳು, ಒಣಮೆಣಸಿನ ಒಗ್ಗರಣೆ ಹೊಯ್ದಳು. ಖಟ್ಟಾ ತಯಾರಾಯಿತು.

ಹನ್ನೆರಡೂ ಏಳಕ್ಕೆ ಖಿಚಡಿ ಬೆಂದಿತು. ಖುಷ್ಬು ಒಲೆ ಆರಿಸಿ, ಮುಚ್ಚಳದ ಮೇಲೆ ಭಾರ ಹೇರಿ ದಮ್ಮಿಗೆ ಬಿಟ್ಟಳು. ಹನ್ನೆರಡೂ ಹತ್ತಕ್ಕೆ ಸರಿಯಾಗಿ ಬಾಗಿಲಲ್ಲಿ ಬೈಕು ಬಂದು ನಿಂತಿತು. ಜಾವೇದ ಒಳಗೆ ಬಂದವನು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟ.

"ದೊಡ್ಡ ಪಾತೇಲಿ ಎಡಗಡಿ ಐತಲ್ಲ," ಅಂದ, ತಾಯಿಯ ಮುಖ ನೋಡುತ್ತ.

"ನಿನಗ ಅದೆಲ್ಲಾ ಯಾಕ? ಕ್ಯಾನ್ ಹಿಡಿ," ಅಂದಳು ಫಾತಿಮಾಬೀ.

ಹನ್ನೆರಡೂ ಹದಿನಾರಕ್ಕೆ ಮುಚ್ಚಳ ತೆರೆದರು. ಕಾಳು ಕಾಳು ಬಿಡಿಯಾಗಿತ್ತು, ಅಂಚಿನದೂ ನಡುವಿನದೂ ಒಂದೇ ಹದ. ಖುಷ್ಬು ಸೌಟನ್ನು ತಳದವರೆಗೆ ಇಳಿಸಿ ಕೆರೆದು ನೋಡಿದಳು. ಎಲ್ಲಿಯೂ ಹಿಡಿದಿರಲಿಲ್ಲ. ಖಿಚಡಿ ದೊಡ್ಡ ಕ್ಯಾನಿಗೆ, ಖಟ್ಟಾ ಸಣ್ಣ ಕ್ಯಾನಿಗೆ, ತತ್ತಿ ಡಬ್ಬಿಗೆ. ಜಾವೇದ ಹಿಂದೆ ಮುಂದೆ ಕ್ಯಾನು ಕಟ್ಟಿಕೊಂಡು ಬೈಕು ಹೊರಡಿಸಿದಾಗ ಹನ್ನೆರಡೂ ಇಪ್ಪತ್ತು. ಮಿಲ್ಲಿಗೆ ಐದು ನಿಮಿಷದ ದಾರಿ, ರೈಲ್ವೆ ಗೇಟು ಹಾಕದಿದ್ದರೆ.

ಗೇಟು ಹಾಕಿದರೆ? ಖುಷ್ಬು ಬಾಗಿಲಿಗೂ ಅಡುಗೆಮನೆಗೂ ಓಡಾಡಿದಳು. ಕೂತಳು, ಎದ್ದಳು. ಫಾತಿಮಾಬೀ ತಸಬಿ ತೆಗೆದಳು, ಒಂದು ಮಣಿಯೂ ಸರಿಯಲಿಲ್ಲ. ದೂರದಲ್ಲಿ ಮಿಲ್ಲಿನ ಸೈರನ್ ಕೂಗಿತು. ಹನ್ನೆರಡೂವರೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಜಾವೇದನಿಗೆ ಫೋನು ಹಚ್ಚಿದರೆ ಎತ್ತಲಿಲ್ಲ. ಮೂವತ್ತೈದಾಯಿತು. ನಲವತ್ತಾಯಿತು. ಖುಷ್ಬುವಿಗೆ ಅಳು ಬರುವ ಹಾಗಾಯಿತು.

ಹನ್ನೆರಡೂ ಮುಕ್ಕಾಲಿಗೆ ಫೋನು ಬಂತು. ಪಂಪಾಪತಿ. ಖುಷ್ಬುವಿನ ಕೈಯಿಂದ ಫೋನು ಜಾರಿತು. ಫಾತಿಮಾಬೀ ಎತ್ತಿಕೊಂಡು, ಸ್ಪೀಕರ್ ಒತ್ತಿ, "ಹೇಳ್ರಿ," ಅಂದಳು.

"ಅಮ್ಮಾರ, ಊಟ ಸೈರನ್ನಿಗಿಂತ ಐದು ಮಿನಿಟು ಮೊದಲ ಬಂತ್ರಿ. ನಿಮ್ಮ ಹುಡುಗ ಇಲ್ಲೇ ನಿಂತು ತಾನೂ ಬಡಿಸಾಕತ್ಯಾನ. ಹಮಾಲರು ಎರಡನೇ ಸಲ ಹಾಕಿಸಿಕೊಂಡ್ರು, ಕ್ಯಾನಿನ ತಳಾ ಕಂಡೈತಿ. ನಾಳಿಂದ ದಿನಾ ಕಳಸ್ರಿ, ಲೋಡಿಂಗಿನವರೂ ಬರತಾರ, ಇಪ್ಪತ್ತೆರಡು ಮಂದಿ. ಅಲ್ರಿ, ಇದು ನಿಮ್ಮ ಕೈ ಅಡಿಗಿ ಅಲ್ಲೇನ್ರಿ?"

ಊರಲ್ಲಿ ಎಲ್ಲರೂ ಹಾಗೇ ಕೇಳುತ್ತಾರೆ. ರಾಜಾಸಾಬರ ಮನೆಯ ಅಡುಗೆ ಎಂದರೆ ಫಾತಿಮಾಬೀಯ ಕೈ. ಆಕೆ ಹೌದು ಅಂದಿದ್ದರೂ ಯಾರೂ ಕೇಳುವವರಿರಲಿಲ್ಲ, ಖುಷ್ಬು ಕೂಡ. ಆಕೆ ಅದಕ್ಕೆ ತಯಾರಾಗಿಯೇ ನಿಂತಿದ್ದಳು, ತಲೆ ತಗ್ಗಿಸಿ.

"ಅಲ್ಲ," ಅಂದಳು ಫಾತಿಮಾಬೀ. "ನಮ್ಮ ಖುಷ್ಬುಂದು. ನನ್ನ ಮಾತು ಕೇಳಿದ್ರ ನಿಮ್ಮ ಮಂದಿ ಈ ಹೊತ್ತಿಗೂ ಉಪಾಸ ಇರತಿದ್ರು. ಇನ್ನ ಮ್ಯಾಲೆ ಆಕಿಗೆ ಫೋನ್ ಮಾಡ್ರಿ."

ಖುಷ್ಬು ಗೋಡೆಗೆ ಒರಗಿ, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನಗುವೂ ಬಂತು, ಎರಡೂ ಒಟ್ಟಿಗೇ ಬಂದು ಬಿಕ್ಕಳಿಕೆ ಆಯಿತು. ಫಾತಿಮಾಬೀ ಫೋನನ್ನು ಸೊಸೆಯ ಕೈಗೆ ಕೊಟ್ಟು, ಅಕ್ಕಿಯ ಡಬ್ಬದ ಮುಂದೆ ಹೋಗಿ ಕೂತಳು, ಮುಚ್ಚಳ ತೆಗೆದಳು. ಅಳತೆಯ ಪಾವು ಕೈಯಲ್ಲಿ ಹಿಡಿದು, ತುಂಬಿಸದೆ, ಹಿಂದೆ ತಿರುಗಿದಳು.

"ಅಳೂದು ಸಾಕು," ಅಂದಳು. "ನಾಳಿಗೆ ಎಷ್ಟು ಅಕ್ಕಿ ತೆಗಿಲಿ, ಹೇಳು."

ಖುಷ್ಬು ಆ ಮನೆಗೆ ಬಂದು ಆರು ವರ್ಷವಾಗಿತ್ತು. ಅತ್ತೆ ಆಕೆಯನ್ನು ಹೀಗೆ ಕೇಳಿದ್ದು ಅವತ್ತೇ ಮೊದಲು.